ಅಂಟಿಸಿದ ತೊಲೆ ನಮ್ಮ ಬಿಸಿಲಿಗೆ ಬಾಯಿ ಬಿಡುತ್ತದಾ?

ಪ್ರಶ್ನೆ: ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ನಮ್ಮ ತಾತನ ಕಾಲದ ಮಾಳಿಗೆ ಮನೆ ಇದೆ. ಪಡಸಾಲೆ ನಡುವಿನ ಕಂಬಗಳನ್ನು ತೆಗೆದು 16 ಅಡಿ ಅಗಲದ ಹಾಲ್ ಮಾಡಬೇಕು, ಮೇಲೆ ಒಂದು ರೂಮು ಬರಬೇಕು. ಮಗ ಬೆಂಗಳೂರಿನಲ್ಲಿ ಹಲಗೆ ಅಂಟಿಸಿ ಮಾಡಿದ ಗ್ಲೂಲ್ಯಾಮ್ ತೊಲೆ ನೋಡಿ ಬಂದಿದ್ದಾನೆ, ಅದನ್ನೇ ಹಾಕಿಸೋಣ ಅಂತಾನೆ. ನಮ್ಮ ಬಡಗಿ ಒಪ್ಪುತ್ತಿಲ್ಲ. "ಅಂಟಿಸಿದ್ದು ಅಂದ್ರೆ ಪ್ಲೈವುಡ್ಡೇ. ಎರಡು ಬೇಸಿಗೆಗೆ ಬಾಯಿ ಬಿಡುತ್ತೆ. ಇಡೀ ಮರದ ತೊಲೆ ಹಾಕ್ಸಿ" ಅಂತಾರೆ. ಯಾರ ಮಾತು ಸರಿ? ನೆಲಕ್ಕೆ ಸಿಎಲ್‌ಟಿ ಅಂತ ಅಂಟಿಸಿದ ಮರದ ಚಪ್ಪಡಿ ಬರುತ್ತಂತೆ, ಅದು ನಮಗೆ ಆಗುತ್ತಾ?

ಉತ್ತರ: ನಿಮ್ಮ ಬಡಗಿಯ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕೆಲವು ವರ್ಷದ ಹಿಂದೆ ದಾವಣಗೆರೆಯ ಒಂದು ಮನೆಗೆ ನನ್ನನ್ನು ಕರೆದಿದ್ದರು. 14 ಅಡಿ ಹಾಲ್‌ಗೆ "ಗ್ಲೂಲ್ಯಾಮ್" ಹಾಕಿಸಿದ್ದೇವೆ, ಒಂದೇ ವರ್ಷಕ್ಕೆ ಜೋತು ಬಿದ್ದಿದೆ ಅಂದರು. ಹೋಗಿ ನೋಡಿದರೆ ಅದು ಗ್ಲೂಲ್ಯಾಮ್ ಆಗಿರಲಿಲ್ಲ. ಮುಕ್ಕಾಲು ಇಂಚಿನ ಪ್ಲೈವುಡ್ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಫರ್ನಿಚರ್‌ಗೆ ಬಳಸುವ ಬಿಳಿ ಅಂಟು ಹಚ್ಚಿ, ಸ್ಕ್ರೂ ಹೊಡೆದು, ಮೇಲೆ ತೇಗದ ವಿನೀರ್ ಅಂಟಿಸಿದ್ದರು. ನಡುವೆ ಒಂದೂವರೆ ಇಂಚು ಇಳಿದಿತ್ತು.

ಅಲ್ಲಿ ಎರಡು ತಪ್ಪು ಸೇರಿದ್ದವು. ಮೊದಲನೆಯದು ನಾರಿನ ದಿಕ್ಕು. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಮರ ತನ್ನ ನಾರಿನ ಉದ್ದಕ್ಕೆ ಮಾತ್ರ ಗಟ್ಟಿ. ಅಡ್ಡಕ್ಕೆ ಅದರ ಬಿಗಿ ತೀರಾ ಕಡಿಮೆ. ಹಾಗಾಗಿ ಪ್ಲೈವುಡ್ ತೊಲೆಯಲ್ಲಿ ಹೆಚ್ಚುಕಡಿಮೆ ಅರ್ಧ ಮರ ಕೆಲಸಕ್ಕೇ ಬರುವುದಿಲ್ಲ. ಎರಡನೆಯದು ಅಂಟು. ಬಿಳಿ ಅಂಟು ಕುರ್ಚಿಗೆ, ಕಪಾಟಿಗೆ ಚೆನ್ನ. ಆದರೆ ವರ್ಷಗಟ್ಟಲೆ ಒಂದೇ ಸಮ ಭಾರ ಬಿದ್ದರೆ ಅದು ನಿಧಾನಕ್ಕೆ ಜರುಗುತ್ತದೆ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಇಂಥದ್ದನ್ನು ನೋಡಿದ ಬಡಗಿ "ಅಂಟಿಸಿದ ತೊಲೆ ಬೇಡ" ಅಂದರೆ ಅವರ ಮಾತಲ್ಲಿ ತಪ್ಪಿಲ್ಲ.

ನಿಜವಾದ ಗ್ಲೂಲ್ಯಾಮ್ ಬೇರೆ. ಅದರಲ್ಲಿ ಪದರ ಅಂದರೆ ತೆಳು ಹಾಳೆಯಲ್ಲ, ಹಲಗೆ. ಸಾಮಾನ್ಯವಾಗಿ 20ರಿಂದ 45 ಮಿ.ಮೀ. ದಪ್ಪದ್ದು. ಎಲ್ಲ ಹಲಗೆಯ ನಾರೂ ತೊಲೆಯ ಉದ್ದಕ್ಕೇ ಇರುತ್ತದೆ. ಒಂದು ಹಲಗೆ ಮುಗಿದಲ್ಲಿ ಇನ್ನೊಂದನ್ನು ಬೆರಳಿಗೆ ಬೆರಳು ಹೆಣೆದ ಹಾಗೆ ಹಲ್ಲು ಕೊಯ್ದು ಸೇರಿಸುತ್ತಾರೆ. ಆಮೇಲೆ ಒಂದರ ಮೇಲೊಂದು ಪೇರಿಸಿ, ಅಂಟು ಹಚ್ಚಿ, ಪ್ರೆಸ್ಸಿನಲ್ಲಿ ಬಿಗಿಯುತ್ತಾರೆ. ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಜರ್ಮನಿಯ ಒಟ್ಟೊ ಹೆಟ್ಸರ್ ಎಂಬ ಬಡಗಿ 1906ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಎಲ್‌ವಿಎಲ್ ಅಂತ ಇನ್ನೊಂದಿದೆ. ಅದು ನೋಡಲು ಪ್ಲೈವುಡ್‌ನಂತೆಯೇ ಇರುತ್ತದೆ, ಸುಮಾರು 3 ಮಿ.ಮೀ. ಹಾಳೆಗಳದ್ದು. ಆದರೆ ತೊಲೆಗೆ ಮಾಡಿದ ಎಲ್‌ವಿಎಲ್‌ನಲ್ಲಿ ನಾರು ಉದ್ದಕ್ಕೇ ಇರುತ್ತದೆ. ಅದಕ್ಕೆ ಐಎಸ್ 14616 ಅನ್ನುವ ನಮ್ಮ ದೇಶದ ಮಾನಕವೂ ಇದೆ.

ಇಷ್ಟು ಕಷ್ಟ ಯಾಕೆ, ಇಡೀ ಮರವನ್ನೇ ಕೊಯ್ಸಬಾರದಾ? ಇದಕ್ಕೆ ಉತ್ತರ ಒಣಗಿಸುವುದರಲ್ಲಿದೆ.

6 ಇಂಚು ಅಗಲ, 12 ಇಂಚು ಎತ್ತರದ ತೊಲೆಯನ್ನು ಸಾ ಮಿಲ್‌ನಲ್ಲಿ ಕೊಯ್ಸಿದಿರಿ ಅಂತಿಟ್ಟುಕೊಳ್ಳಿ. ನೆರಳಲ್ಲಿ ಪೇರಿಸಿಟ್ಟರೆ ಗಟ್ಟಿ ಮರ ಒಣಗಲು ದಪ್ಪದ ಒಂದು ಇಂಚಿಗೆ ಒಂದು ವರ್ಷ ಬೇಕು ಅನ್ನುವುದು ಹಳೆಯ ಲೆಕ್ಕ. 6 ಇಂಚಿಗೆ ಎಷ್ಟಾಯಿತು ನೋಡಿ. ಯಾರೂ ಅಷ್ಟು ಕಾಯುವುದಿಲ್ಲ. ಹೊರಗೆ ಒಣಗಿ ಒಳಗೆ ಹಸಿ ಇರುವ ತೊಲೆಯೇ ಮನೆಗೆ ಬರುತ್ತದೆ, ಮೇಲೆ ಭಾರ ಹೊತ್ತುಕೊಂಡೇ ಒಣಗುತ್ತದೆ. ಮರ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ತಿರುಳು ತೊಲೆಯೊಳಗೇ ಉಳಿದಿದ್ದರೆ ಬಿರುಕು ಬಿಡದೆ ಬೇರೆ ದಾರಿಯೇ ಇಲ್ಲ. ಈಗ ಸಿಗುವ ದಿಮ್ಮಿಗಳಲ್ಲಿ ತಿರುಳು ಬಿಟ್ಟು 6×12 ತೆಗೆಯುವುದೂ ಕಷ್ಟ. ತೇಗದಂಥ ಕಡಿಮೆ ಕುಗ್ಗುವ ಮರವೇ ಹಸಿಯಿಂದ ಒಣಗುವಷ್ಟರಲ್ಲಿ 12 ಇಂಚು ಎತ್ತರದಲ್ಲಿ ಹತ್ತು ಮಿ.ಮೀ.ವರೆಗೆ ಇಳಿಯಬಹುದು. ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಭಾರ ಹೊತ್ತು ಒಣಗುವ ಮರ, ಮೊದಲೇ ಒಣಗಿದ ಮರಕ್ಕಿಂತ ತುಂಬಾ ಜಾಸ್ತಿ ಜೋಲುತ್ತದೆ. ಆ ಜೋಲು ಮತ್ತೆ ಸರಿ ಹೋಗುವುದಿಲ್ಲ.

ಅದೇ ಮರವನ್ನು ಒಂದೂವರೆ ಇಂಚಿನ ಹಲಗೆಯಾಗಿ ಕೊಯ್ದರೆ ಒಣಗಿಸುವ ಕೋಣೆಯಲ್ಲಿ ವಾರಗಳ ಲೆಕ್ಕದಲ್ಲಿ ಒಳಗಿನವರೆಗೂ ಒಣಗುತ್ತದೆ. ತೇವ 12 ಪರ್ಸೆಂಟ್ ಹತ್ತಿರ ಬಂದ ಮೇಲೆ ಒಂದೊಂದು ಹಲಗೆಯನ್ನೂ ನೋಡಬಹುದು. ದೊಡ್ಡ ಗಂಟು ಕತ್ತರಿಸಿ ತೆಗೆಯಬಹುದು. ಒಳ್ಳೆಯ ಹಲಗೆಯನ್ನು ತೊಲೆಯ ಕೆಳಗೆ ಮೇಲೆ ಇಟ್ಟು, ಸಾಧಾರಣದ್ದನ್ನು ನಡುವೆ ಹಾಕಬಹುದು. ಉಳಿದ ಸಣ್ಣ ಗಂಟುಗಳು ಒಂದೊಂದು ಹಲಗೆಯಲ್ಲಿ ಒಂದೊಂದು ಕಡೆ ಬೀಳುತ್ತವೆ. ಇಡೀ ತೊಲೆಯನ್ನು ಸೀಳುವ ಒಂದು ದೊಡ್ಡ ಗಂಟು ಅಲ್ಲಿರುವುದಿಲ್ಲ. ಗ್ಲೂಲ್ಯಾಮ್‌ನ ಗುಣ ಇರುವುದು ಇಲ್ಲೇ. ಅಂಟು ಬರುವುದು ಕೊನೆಗೆ.

ಹಾಗಂತ "ತೇಗಕ್ಕಿಂತ ಎರಡು ಪಟ್ಟು ಗಟ್ಟಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಗ್ಗದೆ ನಿಲ್ಲುವ ಗುಣದಲ್ಲಿ ಸ್ಪ್ರೂಸ್ ಮರದ ಗ್ಲೂಲ್ಯಾಮ್ ಮತ್ತು ಒಳ್ಳೆ ಒಣಗಿದ ತೇಗ ಹೆಚ್ಚುಕಡಿಮೆ ಒಂದೇ. ನಿಮಗೆ ಸಿಗುವ ಲಾಭ ಬೇರೆ. ಬರುವಾಗಲೇ ನೇರವಾಗಿರುತ್ತದೆ, ಒಣಗಿರುತ್ತದೆ, ಬೇಕಾದಷ್ಟು ಉದ್ದ ಸಿಗುತ್ತದೆ, ಇಂತಿಷ್ಟು ಹೊರುತ್ತದೆ ಅಂತ ನಂಬಿ ಲೆಕ್ಕ ಹಾಕಬಹುದು. ಇದೂ ಮರವೇ ಆದ್ದರಿಂದ ಸ್ವಲ್ಪ ಆಡುತ್ತದೆ. ನಮ್ಮ ಏಪ್ರಿಲ್ ಒಣ ಗಾಳಿಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗಿ, 12 ಇಂಚು ಎತ್ತರಕ್ಕೆ ವರ್ಷದಲ್ಲಿ ನಾಲ್ಕೈದು ಮಿ.ಮೀ. ವ್ಯತ್ಯಾಸ ಬರಬಹುದು. ಅದಕ್ಕೇ ತೊಲೆಗೆ ತಗುಲಿಸಿ ಗಟ್ಟಿಯಾಗಿ ಗಾರೆ ಮಾಡಿಸಬಾರದು.

ಇನ್ನು ಬಿಸಿಲು. ಬೆಲ್ಲದ ಪಾಕದಂಥ ಅಂಟು ಬಿಸಿಗೆ ಮೆತ್ತಗಾಗುತ್ತದೆ. ತೊಲೆಗೆ ಬಳಸುವ ಫಿನಾಲ್ ರಿಸಾರ್ಸಿನಾಲ್, ಮೆಲಮೈನ್ ಜಾತಿಯ ಅಂಟುಗಳು ಹಾಗಲ್ಲ. ಒಮ್ಮೆ ಗಟ್ಟಿಯಾದರೆ ಮುಗಿಯಿತು. ಸುಟ್ಟ ಹೆಂಚು ಮತ್ತೆ ಕೆಸರಾಗುತ್ತದಾ? ಹಾಗೆ. ಚಿತ್ರದುರ್ಗದ 40 ಡಿಗ್ರಿ ಅವಕ್ಕೆ ಏನೂ ಅಲ್ಲ.

ಭಯ ಪಡಬೇಕಾದದ್ದು ನೀರಿಗೆ, ಅದೂ ತಪ್ಪು ಅಂಟು ಸೇರಿದಾಗ. 2006ರ ಜನವರಿ 2ರಂದು ಜರ್ಮನಿಯ ಬಾಟ್ ರೈಷನ್‌ಹಾಲ್ ಊರಿನಲ್ಲಿ ಐಸ್ ಸ್ಕೇಟಿಂಗ್ ಆಡುವ ಕಟ್ಟಡದ ಚಾವಣಿ ಕುಸಿದು 15 ಜನ ತೀರಿಕೊಂಡರು. ಅದರ ಮರದ ಪೆಟ್ಟಿಗೆ ತೊಲೆಗಳಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಹಾಕಿದ್ದರು. ಒಣ ಜಾಗದಲ್ಲಿ ಅದು ಹಿಡಿಯುತ್ತದೆ, ತೇವದಲ್ಲಿ ವರ್ಷ ಕಳೆದಂತೆ ಸೋಲುತ್ತದೆ. ಕುಸಿತಕ್ಕೆ ಲೆಕ್ಕದ, ನಿರ್ವಹಣೆಯ ತಪ್ಪುಗಳೂ ಸೇರಿದ್ದವು. ಆದರೂ ಆ ಅಂಟು ಆ ಜಾಗಕ್ಕೆ ಸಲ್ಲುತ್ತಿರಲಿಲ್ಲ. ನಮ್ಮಲ್ಲಿ ಎಂಆರ್ ಅಂತ ಮಾರುವ ಅಗ್ಗದ ಪ್ಲೈವುಡ್‌ಗೆ ಸಾಮಾನ್ಯವಾಗಿ ಬಳಸುವುದೂ ಇದೇ ಜಾತಿಯ ಅಂಟು. ಆದ್ದರಿಂದ ತೊಲೆ ಮಾರುವವರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಅಂಟು ಅನ್ನುವುದು. ಬರಹದಲ್ಲಿ ಕೊಡಲಿ. ರಬ್ಬರ್ ಮರದ ಫಿಂಗರ್ ಜಾಯಿಂಟ್ ಬೋರ್ಡ್ ಅಂಗಡಿಗಳಲ್ಲಿ ಸಿಗುತ್ತದೆ. ಅದು ನೋಡಲು ಗ್ಲೂಲ್ಯಾಮ್ ಹಾಗೇ ಕಾಣುತ್ತದೆ. ಅದು ಟೇಬಲ್‌ಗೆ, ಬಾಗಿಲಿಗೆ. ತೊಲೆಗೆ ಖಂಡಿತ ಬೇಡ.

ಈಗ ನಿಮ್ಮ ಹಾಲ್‌ಗೆ ಬರೋಣ. ನನಗೆ ಗ್ಲೂಲ್ಯಾಮ್‌ಗಿಂತ ಆ ಕಂಬಗಳದ್ದೇ ಯೋಚನೆ. ಕಂಬ ನಡುವೆ ಇದ್ದಾಗ ತೊಲೆ 8 ಅಡಿ ದಾಟಿದರೆ ಸಾಕಿತ್ತು. ಈಗ 16 ಅಡಿ. ದೂರ ಎರಡು ಪಟ್ಟಾದರೆ ಬಗ್ಗುವುದು ಎರಡು ಪಟ್ಟಲ್ಲ, ಹದಿನಾರು ಪಟ್ಟು. ಅದೇ ತೊಲೆ, ಅದೇ ಮೇಲಿನ ಮಣ್ಣು, ಕಂಬ ಮಾತ್ರ ಇಲ್ಲ ಅಂದರೆ ಇಷ್ಟು ವ್ಯತ್ಯಾಸ ಆಗುತ್ತದೆ.

ಗೋಡೆ ಮೇಲೆ ಕೂರುವುದನ್ನೂ ಸೇರಿಸಿ 5 ಮೀಟರ್ ದೂರ, 6 ಅಡಿಗೊಂದು ತೊಲೆ, ತೊಲೆ 6×12 ಇಂಚು ಅಂತ ಇಟ್ಟುಕೊಳ್ಳಿ. ಮೇಲೆ ಹಲಗೆ ನೆಲ ಹಾಕಿದರೆ ಅದರ ತೂಕ ಮತ್ತು ರೂಮಿನ ಜನ, ಸಾಮಾನು ಸೇರಿ ಒಂದು ಚದರ ಮೀಟರ್‌ಗೆ 300 ಕಿಲೋ ಹಿಡಿಯೋಣ. ಇದರಲ್ಲಿ ಜನ, ಸಾಮಾನಿಗೆ ಮಾನಕ ಹೇಳುವ 200 ಕಿಲೋ ಸೇರಿದೆ. ಪೂರ್ತಿ ಭಾರ ಬಿದ್ದಾಗ ನಡುವೆ ಸುಮಾರು 12 ಮಿ.ಮೀ. ಬಗ್ಗುತ್ತದೆ. ವರ್ಷಗಳ ಮೇಲೆ ಇನ್ನೊಂದು ಐದಾರು ಮಿ.ಮೀ. ಸೇರುತ್ತದೆ. ಐಎಸ್ 883 ಮಾನಕ ಇಂಥ ನೆಲಕ್ಕೆ ದೂರದ 240ನೇ ಒಂದು ಭಾಗ, ಅಂದರೆ ಇಲ್ಲಿ 21 ಮಿ.ಮೀ. ಒಪ್ಪುತ್ತದೆ. ಹಾಗಾಗಿ ಇದು ನಡೆಯುತ್ತದೆ.

ಹಳೆ ಮಾಳಿಗೆಯ ಒಂದಡಿ ಮಣ್ಣನ್ನು ಹಾಗೇ ಉಳಿಸಿದರೆ? ಮಣ್ಣೇ ಚದರ ಮೀಟರ್‌ಗೆ 500 ಕಿಲೋ ಹತ್ತಿರ ಬರುತ್ತದೆ, ಜನ ಓಡಾಡುವುದು ಬೇರೆ. ಅದೇ ತೊಲೆ ಹಾಕಿದ ದಿನವೇ 25 ಮಿ.ಮೀ. ಬಗ್ಗುತ್ತದೆ. ಮಣ್ಣಿನ ಭಾರ ಹಗಲು ರಾತ್ರಿ ಇರುವುದರಿಂದ ಕೊನೆಗೆ 40 ಮಿ.ಮೀ. ಮುಟ್ಟುತ್ತದೆ. ಬಗ್ಗುವುದಷ್ಟೇ ಅಲ್ಲ, ಮರದ ಮೇಲಿನ ಒತ್ತಡವೂ ಮಿತಿ ದಾಟುತ್ತದೆ. ತೇಗ ಆದರೂ ಅಷ್ಟೇ, ಗ್ಲೂಲ್ಯಾಮ್ ಆದರೂ ಅಷ್ಟೇ. ಹಾಗಾಗಿ ಕಂಬ ತೆಗೆಯುವುದಾದರೆ ಮಣ್ಣು ಇಳಿಸಲೇಬೇಕು. ಮೇಲಿನ ರೂಮಿನ ಇಟ್ಟಿಗೆ ಗೋಡೆಯೂ ಕೆಳಗಿನ ಗೋಡೆಯ ಮೇಲೇ ನಿಲ್ಲಬೇಕು, ತೊಲೆಯ ಮೇಲೆ ಅಲ್ಲ. ತೊಲೆ ಸಾಲದು ಅನ್ನಿಸಿದರೆ ಅಗಲ ಮಾಡಿಸಬೇಡಿ, ಎತ್ತರ ಮಾಡಿಸಿ. ಅಗಲ ಎರಡು ಪಟ್ಟು ಮಾಡಿದರೆ ಬಿಗಿ ಎರಡು ಪಟ್ಟು, ಎತ್ತರ ಎರಡು ಪಟ್ಟು ಮಾಡಿದರೆ ಎಂಟು ಪಟ್ಟು.

ತೊಲೆಯ ತುದಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನು ನೋಡಿದ ಹಳೆ ಮನೆಗಳಲ್ಲಿ ಹಾಳಾದ ತೊಲೆಗಳು ಹೆಚ್ಚಾಗಿ ನಡುವೆ ಮುರಿದಿರಲಿಲ್ಲ. ಗೋಡೆಯೊಳಗಿನ ತುದಿ ಕೊಳೆತಿತ್ತು, ಇಲ್ಲವೇ ಗೆದ್ದಲು ತಿಂದಿತ್ತು. ಮಾಳಿಗೆ ಸೋರಿದ ನೀರು ಗೋಡೆಯಲ್ಲಿ ಇಳಿಯುತ್ತದೆ. ಗಾರೆಯಲ್ಲಿ ಮುಚ್ಚಿದ ತುದಿ ಅದನ್ನು ಹೀರುತ್ತದೆ, ಒಣಗಲು ಗಾಳಿ ಇರುವುದಿಲ್ಲ. ಹೊರಗೆ ಕಾಣುವ ಭಾಗ ಮಾತ್ರ ಕಲ್ಲಿನ ಹಾಗೆ ಇರುತ್ತದೆ.

ಹೊಸ ತೊಲೆಗೆ ಈ ಗತಿ ಬರದಿರಲು ತುದಿಯ ಕೆಳಗೆ ಹಾಸುಗಲ್ಲು ಕೊಡಿ. ನಿಮ್ಮೂರಲ್ಲಿ ಕಲ್ಲಿಗೆ ಬರವಿಲ್ಲ. ಒಂದೊಂದು ತುದಿ ಒಂದೂಕಾಲು ಟನ್ನಿಗಿಂತ ಜಾಸ್ತಿ ಭಾರ ಇಳಿಸುತ್ತದೆ, ಮಣ್ಣು ಗಾರೆಯ ಗೋಡೆಗೆ ಅದನ್ನು ಹರಡಿ ಕೊಡಬೇಕು. ಕಲ್ಲಿಗೂ ಮರಕ್ಕೂ ನಡುವೆ ತೇವ ಏರದಂಥ ಹಾಳೆ ಇರಲಿ. ತುದಿಯ ಮೂರೂ ಪಕ್ಕ ಮತ್ತು ಹಿಂದೆ ಅರ್ಧ ಇಂಚು ಗಾಳಿಗೆ ಬಿಡಿ. ಮೇಸ್ತ್ರಿ ಆ ಸಂದಿ ನೋಡಿದ ಕೂಡಲೇ ಸಿಮೆಂಟ್ ತುಂಬಲು ಹೋಗುತ್ತಾರೆ. ಅವತ್ತು ನೀವು ಅಲ್ಲೇ ಇರಬೇಕು.

ಗೆದ್ದಲಿನ ವಿಷಯದಲ್ಲಿ ಗ್ಲೂಲ್ಯಾಮ್‌ಗೆ ಯಾವ ವಿಶೇಷವೂ ಇಲ್ಲ. ಯಾವ ಮರದ್ದೋ ಆ ಮರದ ಗುಣವೇ ಅದಕ್ಕೂ. ತೇಗದ ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಹೊರದೇಶದಿಂದ ಬರುವ ಸ್ಪ್ರೂಸ್ ಗೆದ್ದಲಿಗೆ ಊಟ. ಔಷಧಿ ಹಾಕೋಣ ಅಂದರೆ ಸ್ಪ್ರೂಸ್ ಒಳಗೆ ಔಷಧಿಯನ್ನು ಇಳಿಯಲೂ ಬಿಡುವುದಿಲ್ಲ, ಮೇಲೆ ಮೇಲೆ ನಿಲ್ಲುತ್ತದೆ. ಪೈನ್ ಜಾತಿಯ ಕೆಲವು ಮರಗಳು ಚೆನ್ನಾಗಿ ಹೀರಿಕೊಳ್ಳುತ್ತವೆ. ಹಾಗಾಗಿ ಗ್ಲೂಲ್ಯಾಮ್ ತರುವುದಾದರೆ, ಅಂಟಿಸುವ ಮೊದಲೇ ಒತ್ತಡದಲ್ಲಿ ಔಷಧಿ ಇಳಿಸಿದ ಹಲಗೆಯದ್ದೇ ಕೇಳಿ. ಬಂದ ಮೇಲೆ ಬ್ರಷ್‌ನಲ್ಲಿ ಬಳಿಯುವುದನ್ನು ನೆಚ್ಚಿಕೊಳ್ಳಬೇಡಿ.

ಸಿಎಲ್‌ಟಿ ನಿಮ್ಮ ಮನೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ವಸ್ತು ಕೆಟ್ಟದ್ದು ಅಂತ ಅಲ್ಲ. 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿಗಳಲ್ಲಿ ರೂಪ ಪಡೆದ ಇದರಲ್ಲಿ ಹಲಗೆಗಳ ಸಾಲನ್ನು ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಇಟ್ಟು 3, 5 ಅಥವಾ 7 ಪದರ ಅಂಟಿಸುತ್ತಾರೆ. ಅಡ್ಡ ಪದರಗಳು ಉದ್ದ ಪದರಗಳನ್ನು ಹಿಡಿದಿಡುವುದರಿಂದ ಅಗಲಕ್ಕೂ ಕುಗ್ಗುವುದು ತೀರಾ ಕಡಿಮೆ. ಹಾಗಾಗಿ ಇಡೀ ಚಪ್ಪಡಿಯ ಹಾಗೆ ನೆಲಕ್ಕೂ ಗೋಡೆಗೂ ಬಳಸಬಹುದು. ಅದು ಚಪ್ಪಡಿ, ತೊಲೆಯಲ್ಲ. 5 ಮೀಟರ್ ತೊಲೆಯಿಲ್ಲದೆ ದಾಟಲು 6 ಇಂಚಿಗಿಂತ ಸ್ವಲ್ಪ ದಪ್ಪದ್ದು ಬೇಕು. ತೂಕ ಚದರ ಮೀಟರ್‌ಗೆ 80 ಕಿಲೋ ಒಳಗೆ. 5 ಇಂಚಿನ ಆರ್‌ಸಿಸಿ 300 ದಾಟುತ್ತದೆ. ಆದರೆ 4 ಅಡಿ ಅಗಲದ ಒಂದೇ ಒಂದು ಚಪ್ಪಡಿ ಅರ್ಧ ಟನ್ ಹತ್ತಿರ. ಪೇಟೆ ಓಣಿಯಲ್ಲಿ ಲಾರಿ ತಿರುಗಬೇಕು, ಕ್ರೇನ್ ನಿಲ್ಲಬೇಕು. ಕಾರ್ಖಾನೆಯಲ್ಲಿ ಅಳತೆಗೆ ಕತ್ತರಿಸಿ ಬರುವ ಚಪ್ಪಡಿಗೆ ನಿಮ್ಮ ಹಳೆ ಗೋಡೆಯ ಓರೆಕೋರೆ ಹೊಂದುವುದಿಲ್ಲ. ಮೇಲೆ ಬಚ್ಚಲು ಮಾಡಿ ಅದು ಸೋರಿದರೆ ಚಪ್ಪಡಿಯೊಳಗಿನ ತೇವ ತಿಂಗಳುಗಟ್ಟಲೆ ಕಣ್ಣಿಗೇ ಬೀಳುವುದಿಲ್ಲ.

ಹೇಗೂ 6 ಅಡಿಗೊಂದು ತೊಲೆ ಬರುತ್ತದಲ್ಲ. ಅದರ ಮೇಲೆ 2 ಅಡಿಗೊಂದು 3×4 ಇಂಚಿನ ಜಂತಿ ಹಾಕಿ, ಮೇಲೆ ಒಂದು ಇಂಚಿನ ಹಲಗೆ ಹೊಡೆದರೆ ಸಾಕು. ಈ ಜಂತಿಗಳು ನಿಮ್ಮ ಹಳೆ ಮಾಳಿಗೆಯಲ್ಲೇ ಸಿಗಬಹುದು. ಅವು ಒಣಗಿ ಎಷ್ಟೋ ಕಾಲವಾಗಿದೆ. ಮೊಳೆ ಕಿತ್ತು, ತುದಿ ಕತ್ತರಿಸಿ ನೋಡಿ, ಗಟ್ಟಿ ಇದ್ದದ್ದನ್ನು ಬಳಸಿ. ಮೇಲೆ ಬಚ್ಚಲು ಮಾತ್ರ ಈ ನೆಲದ ಮೇಲೆ ಬೇಡ.

ತೊಲೆಗೆ ನನ್ನ ಮೊದಲ ಆಯ್ಕೆ, ಬಿಚ್ಚಿದ ಹಳೆ ಮನೆಯ ತೇಗ ಅಥವಾ ಮತ್ತಿ. ಒಣಗಿಸುವ ತಲೆನೋವೇ ಇಲ್ಲ, ನಿಮ್ಮ ಬಡಗಿಯ ಕೈಗೂ ಒಗ್ಗುತ್ತದೆ. ಕಷ್ಟ ಅಂದರೆ 17 ಅಡಿ ಉದ್ದದ 6×12 ಸಿಗುವುದು ಅಪರೂಪ. ಸಿಕ್ಕರೂ ಒಂದೊಂದರಲ್ಲಿ ಹಳೆ ಕಚ್ಚು, ತೂತು, ಬಿರುಕು ಇರುತ್ತದೆ. ಸಿಗದಿದ್ದರೆ ಔಷಧಿ ಇಳಿಸಿದ ಗ್ಲೂಲ್ಯಾಮ್. ಒಂದು ತೊಲೆ ಪೈನ್‌ನದ್ದಾದರೆ 120 ಕಿಲೋ ಆಸುಪಾಸು, ಆರು ಜನ ಎತ್ತಬಹುದು. ಬೆಲೆ ಕೇಳುವಾಗ ಸಾಗಣೆ, ತೆರಿಗೆ ಎಲ್ಲ ಸೇರಿಸಿ ಸಿಎಫ್‌ಟಿಗೆ ಎಷ್ಟು ಅಂತ ಕೇಳಿ. ನಾಲ್ಕೈದು ತೊಲೆಗೆ ಲಾರಿ ಬಾಡಿಗೆಯೇ ದೊಡ್ಡ ಪಾಲು ಆಗಬಹುದು. ಮರವೇ ಕಾಣಬೇಕು ಅನ್ನುವ ಹಟ ಇಲ್ಲದಿದ್ದರೆ 8 ಇಂಚಿನ ಕಬ್ಬಿಣದ ಐ ಬೀಮ್ ಇದೇ ಕೆಲಸ ಮಾಡುತ್ತದೆ. ಲೆಕ್ಕದಲ್ಲಿ 6×12 ಮರಕ್ಕಿಂತ ತುಸು ಬಿಗಿಯೇ. ಹೊಸದಾಗಿ ಕೊಯ್ಸಿದ ಹಸಿ ಮರದ ತೊಲೆ ಮಾತ್ರ ಈ 16 ಅಡಿಗೆ ಬೇಡ.

ಗ್ಲೂಲ್ಯಾಮ್ ಬಂದ ದಿನ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿ, 14 ಪರ್ಸೆಂಟ್ ದಾಟಿದ್ದರೆ ಇಳಿಸಿಕೊಳ್ಳಬೇಡಿ. ಜೊತೆಗೆ ಒಂದಡಿ ಉದ್ದದ ತುಂಡು ಬೇಕು ಅಂತ ಮೊದಲೇ ಹೇಳಿ. ಅಂಟಿನ ಗೆರೆ ಮೇಲೆ ಉಳಿ ಇಟ್ಟು ಹೊಡೆದು ಸೀಳಿಸಿ. ಸೀಳಿದ ಮುಖದಲ್ಲಿ ಕಿತ್ತುಬಂದ ಮರದ ನಾರು ತುಂಬಿದ್ದರೆ ಮರ ಸೋತಿದೆ, ಅಂಟು ಸೋತಿಲ್ಲ. ಮುಖ ನುಣುಪಾಗಿ, ಅಂಟಿನ ಹೊಳಪು ಹಾಗೇ ಕಂಡರೆ ವಾಪಸ್ ಕಳಿಸಿ. ಇನ್ನೊಂದು ತುಂಡನ್ನು ಒಂದು ದಿನ ನೀರಲ್ಲಿ ಮುಳುಗಿಸಿ, ಬಿಸಿಲಲ್ಲಿ ಒಣಗಿಸಿ, ಹೀಗೆ ಮೂರು ಸಲ ಮಾಡಿ. ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ, ಆದರೆ ತೀರಾ ಕೆಟ್ಟ ಅಂಟು ಇಷ್ಟಕ್ಕೇ ಸಿಕ್ಕಿಬೀಳುತ್ತದೆ. ಮರದ ಮೈಯಲ್ಲಿ, ನಾರಿನ ಗುಂಟ, ಸಣ್ಣ ಬಿರುಕು ಬಂದರೆ ಹೆದರಬೇಡಿ, ಅದು ಒಣ ಬಿರುಕು. ಸೀಳು ಅಂಟಿನ ಗೆರೆ ಮೇಲೇ ನೆಟ್ಟಗೆ ಸಾಗಿ, ಬ್ಲೇಡ್ ಒಳಗೆ ಇಳಿದರೆ ಅದು ಬಾಯಿ ಬಿಟ್ಟದ್ದು. ಮನೆಗೆ ಹಾಕಿದ ಮೇಲೂ ಇದೇ ಗುರುತು.

ನಿಮ್ಮ ಬಡಗಿಗೆ ಒಂದು ಮಾತು ಹೇಳಿ. ಮಾಮೂಲಿ ತೊಲೆಯ ಹಾಗೆ ಇದರ ತಳವನ್ನು ಕಚ್ಚು ಮಾಡಬಾರದು, ಹತ್ತರಿ ಹೊಡೆದು ತೆಳು ಮಾಡಬಾರದು. ಅತಿ ಹೆಚ್ಚು ಎಳೆತ ಬೀಳುವುದು ಆ ತಳದ ಹಲಗೆಗೇ, ಅದಕ್ಕೇ ಒಳ್ಳೆಯ ಹಲಗೆ ಅಲ್ಲಿರುತ್ತದೆ. ಮೇಲೆ ಕೆಳಗೆ ಗುರುತು ಹಾಕಿ ಬಂದಿದ್ದರೆ ತಿರುಗಿಸಿ ಕೂರಿಸಬಾರದು. ಫ್ಯಾನಿನ ಕೊಕ್ಕೆಗೆ ಕೆಳಗಿಂದ ತೂತು ಕೊರೆಯುವುದು ಬೇಡ. ತೊಲೆಯ ಪಕ್ಕದಿಂದ, ಎತ್ತರದ ನಡುಮಧ್ಯಕ್ಕೆ ಬೋಲ್ಟ್ ತೂರಿಸಿ ಅಲ್ಲಿಂದ ಪಟ್ಟಿ ಇಳಿಬಿಡಲಿ. ಜೋಕಾಲಿ ತೂಗುಹಾಕುವ ಆಸೆ ಇದ್ದರೆ ಅದನ್ನು ಈಗಲೇ ಎಂಜಿನಿಯರ್‌ಗೆ ಹೇಳಿ, ಅದರ ಭಾರವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ.

ಇದೆಲ್ಲಕ್ಕೂ ಮೊದಲು ಈ ವಾರ ಒಂದು ಕೆಲಸ ಮಾಡಿ. ಈಗಿರುವ ತೊಲೆಗಳ ತುದಿ ಸೇರುವ ಕಡೆ ಗೋಡೆಯ ಗಾರೆಯನ್ನು ಒಂದು ಗೇಣಷ್ಟು ಕೆರೆಸಿ, ಮರಕ್ಕೆ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಕಂಬ ತೆಗೆಯುವ ಮಾತು ಆಮೇಲೆ, ಮೊದಲು ಆ ತೊಲೆಯ ಕೆಳಗೆ ಇನ್ನೊಂದು ಕಂಬದ ಆಸರೆ ಕೊಡಿಸಿ.